ಬ್ರೇಕ್ ಪೆಡಲಿನ ಇಬ್ಬರು ಸಾಕ್ಷಿಗಳು

ಮಂಗಳೂರಿನ ಬಿಜೈಯಲ್ಲಿರುವ ನನ್ನ ಗೆಳೆಯರೊಬ್ಬರ ಕಾರು ಕಳೆದ ಮಳೆಗಾಲದ ಕೊನೆಗೆ ಮೂರು ಬಗೆಯ ತೊಂದರೆ ಕೊಟ್ಟಿತು. ಆಟೋಮ್ಯಾಟಿಕ್ ಗೇರಿನ ಆ ಕಾರಿನಲ್ಲಿ ಅವರು ಒಂದು ಮುಂಜಾನೆ ಉಡುಪಿಗೆ ಹೊರಟಿದ್ದರು. ಮೂಲ್ಕಿ ದಾಟಿದ ಮೇಲೆ ಹೆದ್ದಾರಿ ಖಾಲಿಯಿದೆಯೆಂದು, ವೇಗವನ್ನು ತಾನಾಗಿಯೇ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಗುಂಡಿ ಒತ್ತಿದರೆ ಅದು ಹಿಡಿಯಲೇ ಇಲ್ಲ. ಉಡುಪಿಯಲ್ಲಿ ಕೆಲಸ ಮುಗಿಸಿ ಹೊರಡುವಾಗ ಗೇರ್ ಲಿವರ್ ‘ಪಾರ್ಕ್’ ಸ್ಥಾನದಿಂದ ಕದಲಲಿಲ್ಲ. ಬ್ರೇಕನ್ನು ನಾಲ್ಕೈದು ಸಲ ಬಲವಾಗಿ ತುಳಿದ ಬಳಿಕ ಬಿಟ್ಟುಕೊಂಡಿತು. ಹಿಂದಿರುಗುವ ದಾರಿಯಲ್ಲಿ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಮತ್ತು ಕಾರು ಅಡ್ಡಜಾರದಂತೆ ಕಾಯುವ ಇಎಸ್‌ಪಿ, ಇವೆರಡರ ಎಚ್ಚರಿಕೆ ದೀಪಗಳು ಹೊತ್ತಿಕೊಂಡವು. ಮೊದಲು ತೋರಿಸಿದ ವರ್ಕ್‌ಶಾಪಿನಲ್ಲಿ ಎಬಿಎಸ್ ದೀಪವನ್ನಷ್ಟೇ ನೋಡಿ ಚಕ್ರದ ಸೆನ್ಸರ್ ಒಂದನ್ನು ಬದಲಾಯಿಸಿ, ದೀಪ ಆರಿಸಿ ಕಳುಹಿಸಿದರು. ನಾಲ್ಕೇ ದಿನಕ್ಕೆ ಎಲ್ಲವೂ ಮರಳಿ ಬಂದವು.

ಕ್ರೂಸ್ ಕಂಟ್ರೋಲ್ ಎಂಜಿನ್‌ಗೆ ಸೇರಿದ್ದು, ಲಿವರ್ ಗೇರ್‌ಬಾಕ್ಸ್‌ಗೆ ಸೇರಿದ್ದು, ಎಬಿಎಸ್ ಚಕ್ರಗಳಿಗೆ ಸೇರಿದ್ದು. ಈ ಮೂರೂ ಒಟ್ಟಿಗೆ ಮುನಿಸಿಕೊಂಡರೆ ಇವುಗಳಿಗೆಲ್ಲ ಸಾಮಾನ್ಯವಾದ ಒಂದು ವಸ್ತುವನ್ನು ಹುಡುಕಬೇಕಾಗುತ್ತದೆ. ಆ ವಸ್ತು ಹೆಚ್ಚಿನ ಕಾರುಗಳಲ್ಲಿ ಬ್ರೇಕ್ ಪೆಡಲಿನ ಮೇಲ್ತುದಿಯ ಬಳಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ತಲೆ ಬಗ್ಗಿಸಿ ಟಾರ್ಚ್ ಹಿಡಿದರೆ ಮಾತ್ರ ಕಾಣುವಂತೆ ಕುಳಿತಿರುತ್ತದೆ. ಅದೇ ಬ್ರೇಕ್ ಲೈಟ್ ಸ್ವಿಚ್. ಹೆಬ್ಬೆರಳಿನಷ್ಟು ದಪ್ಪದ ಪ್ಲಾಸ್ಟಿಕ್ ಗೂಡು, ಅದರೊಳಗಿಂದ ಹೊರಚಾಚಿದ, ಸ್ಪ್ರಿಂಗ್ ಇರುವ ಒಂದು ಪುಟ್ಟ ಕಡ್ಡಿ, ಹಿಂಬದಿಯಲ್ಲಿ ಎರಡು ಅಥವಾ ನಾಲ್ಕು ಪಿನ್ನುಗಳು: ಹೊರಗಿನಿಂದ ಕಾಣುವುದು ಇಷ್ಟೇ. ಪೆಡಲನ್ನು ತುಳಿಯದಿರುವಾಗ ಅದರ ತೋಳು ಕಡ್ಡಿಯನ್ನು ಒಳಕ್ಕೆ ಒತ್ತಿ ಹಿಡಿದಿರುತ್ತದೆ. ತುಳಿದಾಗ ತೋಳು ದೂರ ಸರಿದು ಕಡ್ಡಿ ಹೊರಬರುತ್ತದೆ.

ಹಳೆಯ ಕಾರುಗಳಲ್ಲಿ ಈ ಸ್ವಿಚ್ಚಿಗೆ ಇದ್ದ ಕೆಲಸ ಒಂದೇ. ಕಡ್ಡಿ ಹೊರಬಂದೊಡನೆ ಒಳಗಿನ ಎರಡು ಲೋಹದ ತುಣುಕುಗಳು ಕೂಡಿಕೊಂಡು ಹಿಂದಿನ ಕೆಂಪು ದೀಪಗಳಿಗೆ ಕರೆಂಟ್ ಹರಿಯುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ‘ಚಾಲಕ ಬ್ರೇಕ್ ತುಳಿದಿದ್ದಾನೆಯೇ?’ ಎಂಬ ಪ್ರಶ್ನೆ ದೀಪಗಳಾಚೆಗೂ ಮುಖ್ಯವಾಯಿತು. ಒಂದೇ ಸಂಪರ್ಕವನ್ನು ನಂಬಿದರೆ ತಂತಿಯೊಂದು ಕಡಿದದ್ದಕ್ಕೂ ಚಾಲಕ ಬ್ರೇಕ್ ತುಳಿಯದಿರುವುದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ನಾಲ್ಕು ಪಿನ್ನಿನ ಸ್ವಿಚ್ಚಿನೊಳಗೆ ಒಂದೇ ಕಡ್ಡಿಯಿಂದ ನಡೆಯುವ ಎರಡು ಸಂಪರ್ಕಗಳನ್ನು ವಿರುದ್ಧ ಸ್ವಭಾವ ಕೊಟ್ಟು ಇಡುತ್ತಾರೆ. ಪೆಡಲ್ ತುಳಿದಾಗ ದೀಪದ ಸಂಪರ್ಕ ಕೂಡಿಕೊಳ್ಳಬೇಕು, ಎರಡನೆಯದು ಬಿಟ್ಟುಕೊಳ್ಳಬೇಕು. ಪೆಡಲ್ ಬಿಟ್ಟಾಗ ಇದು ತಿರುವುಮುರುವಾಗಬೇಕು. ಇಬ್ಬರು ಸಾಕ್ಷಿಗಳಲ್ಲಿ ಒಬ್ಬ ‘ಹೌದು’ ಎಂದಾಗ ಇನ್ನೊಬ್ಬ ‘ಇಲ್ಲ’ ಎನ್ನಲೇಬೇಕು ಎಂಬ ಏರ್ಪಾಡು ಇದು. ಇಬ್ಬರೂ ಒಂದೇ ಉತ್ತರ ಕೊಟ್ಟರೆ ಯಾರೋ ಒಬ್ಬ ಕೆಟ್ಟಿದ್ದಾನೆಂದು ಎಂಜಿನ್ ಕಂಪ್ಯೂಟರಿಗೆ ಗೊತ್ತಾಗುತ್ತದೆ. ಯಾರೆಂದು ಮಾತ್ರ ಗೊತ್ತಾಗುವುದಿಲ್ಲ.

ಹಾಗಾದಾಗ ಕ್ರೂಸ್ ಕಂಟ್ರೋಲ್ ನಿಲ್ಲುವುದು ಸಹಜ. ಚಾಲಕ ಬ್ರೇಕ್ ಮುಟ್ಟಿದೊಡನೆ ವೇಗ ಹಿಡಿದಿಡುವುದನ್ನು ಬಿಟ್ಟುಬಿಡುತ್ತೇನೆ ಎಂಬ ಭರವಸೆಯ ಮೇಲೆಯೇ ಅದು ನಿಂತಿದೆ. ಬ್ರೇಕ್ ಮುಟ್ಟಿದ ಸುದ್ದಿ ತಲುಪುವುದೋ ಇಲ್ಲವೋ ಎಂಬ ಅನುಮಾನ ಬಂದ ಮೇಲೆ ಕೆಲಸವನ್ನು ಒಪ್ಪಿಕೊಳ್ಳದಿರುವುದೇ ಸರಿ. ಇಎಸ್‌ಪಿ ಘಟಕಕ್ಕೆ ಮೂರನೆಯ ಸಾಕ್ಷಿಯೂ ಇದೆ: ಬ್ರೇಕ್ ಎಣ್ಣೆಯ ಒತ್ತಡ ಅಳೆಯುವ ಸೆನ್ಸರ್. ಒತ್ತಡ ಏರಿದೆ, ಆದರೆ ಪೆಡಲ್ ತುಳಿದಿಲ್ಲ ಎಂದು ಸ್ವಿಚ್ ಹೇಳುತ್ತಿದೆ ಎಂಬಂಥ ಹೊಂದಿಕೆಯಾಗದ ಮಾಹಿತಿ ಬಂದರೆ ಅದು ದೀಪ ಹೊತ್ತಿಸಿ ಹಿಂದೆ ಸರಿಯುತ್ತದೆ. ಆಗಲೂ ಮೂಲ ಬ್ರೇಕ್ ಎಂದಿನಂತೆ ಹಿಡಿಯುತ್ತದೆ, ಏಕೆಂದರೆ ಪೆಡಲಿನಿಂದ ಚಕ್ರಕ್ಕೆ ಬಲ ಸಾಗುವುದು ಎಣ್ಣೆಯ ಮೂಲಕ; ಈ ಸ್ವಿಚ್ ಆ ಹಾದಿಯಲ್ಲಿಲ್ಲ.

ಗೇರ್ ಲಿವರಿನದು ಇನ್ನೂ ನೇರವಾದ ವಿಷಯ. ಲಿವರಿನ ಬುಡದಲ್ಲಿ ಸೊಲೆನಾಯ್ಡ್ ಎಂಬ ವಿದ್ಯುತ್ ಅಗುಳಿ ಇರುತ್ತದೆ. ಇಗ್ನಿಷನ್ ಆನ್ ಇದ್ದು, ಬ್ರೇಕ್ ತುಳಿದ ಸಂಕೇತವೂ ಬಂದರೆ ಮಾತ್ರ ಅದು ಲಿವರನ್ನು ‘ಪಾರ್ಕ್’ನಿಂದ ಬಿಡುತ್ತದೆ. ಇದರ ಹಿಂದೆ ಒಂದು ಇತಿಹಾಸವಿದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಟೋಮ್ಯಾಟಿಕ್ ಕಾರುಗಳು ನಿಂತಲ್ಲಿಂದ ತಾವಾಗಿಯೇ ನುಗ್ಗುತ್ತವೆ ಎಂಬ ದೂರುಗಳು ಬಂದವು. ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ 1989ರಲ್ಲಿ ಪ್ರಕಟಿಸಿದ ವರದಿ, ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದದ್ದೇ ಇವುಗಳಲ್ಲಿ ಬಹುಪಾಲಿಗೆ ಕಾರಣವಿರಬೇಕು ಎಂಬ ನಿರ್ಣಯಕ್ಕೆ ಬಂದಿತು. ಕಾಲು ಬ್ರೇಕಿನ ಮೇಲಿದ್ದರೆ ಮಾತ್ರ ಲಿವರ್ ಬಿಡುವ ಏರ್ಪಾಡು ಆ ಕಾಲದಿಂದಲೇ ಹರಡಿತು. ಹಲವು ಕಾರುಗಳಲ್ಲಿ ಗುಂಡಿ ಒತ್ತಿ ಎಂಜಿನ್ ಶುರುಮಾಡುವುದಕ್ಕೂ ಇದೇ ಸಂಕೇತ ಬೇಕು.

ಗೆಳೆಯರು ಎರಡನೆಯ ಬಾರಿ ಕಾರನ್ನು ಕಂಕನಾಡಿಯ ಹಿರಿಯ ಆಟೋ ಇಲೆಕ್ಟ್ರಿಷಿಯನ್ ಒಬ್ಬರಲ್ಲಿಗೆ ಒಯ್ದಾಗ ನಾನೂ ಜೊತೆಗಿದ್ದೆ. ಅವರು ಎಬಿಎಸ್ ವಿಷಯ ಎತ್ತಲೇ ಇಲ್ಲ. “ಹಿಂದಿನ ಲೈಟ್ ಹೊತ್ತುತ್ತದಾ ಮಾರಾಯ್ರೆ, ಯಾರಾದರೂ ನೋಡಿದ್ದೀರಾ?” ಎಂದು ಕೇಳಿದರು. ಮೊದಲು ಬ್ರೇಕ್ ಲೈಟಿನ ಫ್ಯೂಸ್ ತೆಗೆದು ನೋಡಿದರು, ಏಕೆಂದರೆ ಅದು ಸುಟ್ಟಿದ್ದರೂ ಲಕ್ಷಣಗಳು ಹೆಚ್ಚುಕಡಿಮೆ ಇವೇ. ಫ್ಯೂಸ್ ಸರಿಯಿತ್ತು. ಕಾರಿನ ಕಂಪ್ಯೂಟರ್ ಗುರುತಿಸಿದ ದೋಷಗಳನ್ನು ಓದುವ ಸ್ಕ್ಯಾನರ್ ಜೋಡಿಸಿದಾಗ P0504 ಎಂಬ ಕೋಡ್ ಬಂತು. ಸ್ವಿಚ್ಚಿನ ಎರಡು ಸಂಪರ್ಕಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂಬುದು ಅದರ ಅರ್ಥ. ಕೋಡ್ ಅಷ್ಟನ್ನು ಮಾತ್ರ ಹೇಳುತ್ತದೆ. ಸ್ವಿಚ್ಚೇ ಕೆಟ್ಟಿದೆ ಎಂದಲ್ಲ. ತಂತಿ, ಕನೆಕ್ಟರ್ ಅಥವಾ ಪೆಡಲಿನ ಹೊಂದಾಣಿಕೆಯಲ್ಲಿ ದೋಷವಿದ್ದರೂ ಅದೇ ಕೋಡ್ ಬರಬಹುದು.

ಅವರು ಮುಂದೆ ಮಾಡಿದ ಪರೀಕ್ಷೆಯೇ ನನಗೆ ಬಹಳ ಮುಖ್ಯವೆನಿಸಿತು. ಸ್ವಿಚ್ ಬಿಚ್ಚಿ ಓಮ್ ಅಳೆಯುವುದನ್ನು ಬಿಟ್ಟು, ಅದು ಕಾರಿನಲ್ಲಿದ್ದಂತೆಯೇ, ನನ್ನಿಂದ ಪೆಡಲ್ ತುಳಿಸಿ, ದೀಪ ಉರಿಯುತ್ತಿರುವಾಗ ದೀಪದ ಸಂಪರ್ಕದ ಎರಡು ಪಿನ್ನುಗಳ ನಡುವೆ ಮಲ್ಟಿಮೀಟರಿನ ಕಡ್ಡಿಗಳನ್ನಿಟ್ಟು ವೋಲ್ಟೇಜ್ ನೋಡಿದರು. ಸಂಪರ್ಕ ಚೆನ್ನಾಗಿದ್ದರೆ ಅಲ್ಲಿ ಸುಮಾರು 0.2 ವೋಲ್ಟಿಗಿಂತ ಹೆಚ್ಚು ಕಾಣಬಾರದು. ಮೀಟರ್ 2.7 ತೋರಿಸಿತು. ಮತ್ತೆ ಮತ್ತೆ ತುಳಿದಾಗ ಒಮ್ಮೆ 0.3, ಒಮ್ಮೆ 1.5, ಕೊನೆಗೊಮ್ಮೆ ಬ್ಯಾಟರಿಯ ಪೂರ್ತಿ 12 ವೋಲ್ಟ್. ಪೂರ್ತಿ ವೋಲ್ಟೇಜ್ ಸ್ವಿಚ್ಚಿನ ಮೇಲೆಯೇ ನಿಂತಿದೆಯೆಂದರೆ ಸಂಪರ್ಕ ಕೂಡಿಯೇ ಇಲ್ಲ ಎಂದರ್ಥ. ಆ ಗಳಿಗೆಯಲ್ಲಿ ಹಿಂದಿನ ದೀಪಗಳೂ ಆರಿದ್ದವು. ಉಡುಪಿಯಲ್ಲಿ ನಾಲ್ಕೈದು ಸಲ ತುಳಿದ ಮೇಲೆ ಲಿವರ್ ಬಿಟ್ಟದ್ದೇಕೆ ಎಂಬುದೂ ಇದರಿಂದ ತಿಳಿಯಿತು.

ಆ 2.7 ವೋಲ್ಟನ್ನು ಸ್ವಲ್ಪ ಬಿಡಿಸಿ ನೋಡೋಣ. ಈ ಕಾರಿನಲ್ಲಿ 21 ವ್ಯಾಟಿನ ಎರಡು ತಂತುದೀಪಗಳ ಕರೆಂಟ್ ನೇರವಾಗಿ ಈ ಸ್ವಿಚ್ಚಿನ ಮೂಲಕವೇ ಹರಿಯುತ್ತದೆ. ಎರಡಕ್ಕೂ ಸೇರಿ 12 ವೋಲ್ಟಿನಲ್ಲಿ 3.5 ಆಂಪಿಯರ್ ಬೇಕು, ಅಂದರೆ ಉರಿಯುವ ದೀಪಗಳ ಒಟ್ಟು ರೋಧ ಸುಮಾರು 3.4 ಓಮ್. ಸ್ವಿಚ್ಚಿನ ಸಂಪರ್ಕದಲ್ಲಿ ಕೇವಲ 1 ಓಮ್ ಸೇರಿಕೊಂಡರೆ ಕರೆಂಟ್ ಹೆಚ್ಚುಕಡಿಮೆ 2.7 ಆಂಪಿಯರಿಗೆ ಇಳಿದು, ದೀಪಕ್ಕೆ ಸಿಗುವುದು 9.3 ವೋಲ್ಟ್ ಮಾತ್ರ. ತಂತುದೀಪದ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುವುದರಿಂದ ಬೆಳಕು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಉಳಿದ 2.7 ವೋಲ್ಟ್ ಆ ಪುಟ್ಟ ಪ್ಲಾಸ್ಟಿಕ್ ಗೂಡಿನೊಳಗೆ 7 ವ್ಯಾಟ್ ಶಾಖವಾಗಿ, ಕೆಟ್ಟ ಸಂಪರ್ಕವನ್ನು ಇನ್ನಷ್ಟು ಕೆಡಿಸುತ್ತದೆ. ‘ದೀಪ ಹೊತ್ತುತ್ತದೆ, ಆದ್ದರಿಂದ ಸ್ವಿಚ್ ಸರಿಯಿದೆ’ ಎಂಬ ತರ್ಕ ಇಲ್ಲಿ ನಿಲ್ಲುವುದಿಲ್ಲ. ಮೊದಲ ವರ್ಕ್‌ಶಾಪಿನವರು ದಾರಿ ತಪ್ಪಿದ್ದು ಅಲ್ಲೇ ಎಂದು ನನಗನಿಸುತ್ತದೆ.

ತೆಗೆದ ಸ್ವಿಚ್ಚನ್ನು ಬ್ಲೇಡಿನಿಂದ ಸೀಳಿ ನೋಡಿದೆವು. ದೀಪದ ಸಂಪರ್ಕದ ಎರಡೂ ಮುಖಗಳು ಕಪ್ಪಾಗಿ, ಗುಳಿಬಿದ್ದಿದ್ದವು. ಎರಡನೆಯ ಸಂಪರ್ಕ ಹೊಳೆಯುತ್ತಿತ್ತು. ಇದಕ್ಕೆ ಕಾರಣ ತಣ್ಣಗಿರುವ ತಂತು. ಅದರ ರೋಧ ಕಾದ ತಂತುವಿನ ಹತ್ತರಲ್ಲೊಂದು ಭಾಗದಷ್ಟೇ ಇರುವುದರಿಂದ ಪ್ರತಿ ಸಲ ದೀಪ ಹೊತ್ತುವ ಮೊದಲ ಕ್ಷಣದಲ್ಲಿ ಕರೆಂಟ್ ಹಲವು ಪಟ್ಟು ಏರಿ, ಕೂಡುವ ಲೋಹದ ಮೈಯನ್ನು ಚೂರುಚೂರೇ ಸುಡುತ್ತದೆ. ಹಂಪನಕಟ್ಟೆ, ಪಂಪ್‌ವೆಲ್ ಕಡೆಯ ದಟ್ಟಣೆಯಲ್ಲಿ ದಿನಕ್ಕೆ ನೂರು ಸಲ ಬ್ರೇಕ್ ತುಳಿಯುತ್ತೇವೆಂದು ಹಿಡಿದರೂ ಐದು ವರ್ಷಕ್ಕೆ 1,80,000 ಸಲ ದಾಟುತ್ತದೆ. ಎರಡನೆಯ ಸಂಪರ್ಕದಲ್ಲಿ ಹರಿಯುವುದು ಸಂಕೇತದ ಅಲ್ಪ ಕರೆಂಟ್ ಮಾತ್ರ. ಅದಕ್ಕೆ ಈ ಸುಡುವಿಕೆ ಇಲ್ಲ. ನಮ್ಮ ಕರಾವಳಿಯ ಉಪ್ಪುಗಾಳಿ ಮತ್ತು ತೇವ ಕಾಡುವುದು ಹೆಚ್ಚಾಗಿ ಪಿನ್ನುಗಳನ್ನು, ಹಸಿರು ಕಿಲುಬಿನ ರೂಪದಲ್ಲಿ. ಇಲ್ಲಿ ಪಿನ್ನುಗಳು ಸ್ವಚ್ಛವಾಗಿದ್ದವು. ಈಚಿನ ಕೆಲವು ಕಾರುಗಳಲ್ಲಿ ಲೋಹದ ಸಂಪರ್ಕದ ಬದಲು ಆಯಸ್ಕಾಂತದ ಚಲನೆಯನ್ನು ಗ್ರಹಿಸುವ ಹಾಲ್ ಸೆನ್ಸರ್ ಇದೆ. ಅಲ್ಲಿ ಸುಡಲು ಲೋಹದ ಮುಖಗಳೇ ಇಲ್ಲ.

ಹೊಸ ಸ್ವಿಚ್ ಕೂರಿಸುವಾಗ ಅವಸರ ಸಲ್ಲದು. ಈ ಬಗೆಯ ಸ್ವಿಚ್ಚಿನ ಕಡ್ಡಿಯ ಮೇಲೆ ಸಣ್ಣ ಹಲ್ಲುಗಳಿವೆ. ಕಡ್ಡಿಯನ್ನು ಪೂರ್ತಿ ಹೊರಗೆಳೆದು, ಪೆಡಲನ್ನು ಕೆಳಗೆ ಹಿಡಿದು, ಸ್ವಿಚ್ಚನ್ನು ಅದರ ತೂತಿನಲ್ಲಿ ತಿರುಗಿಸಿ ಭದ್ರಪಡಿಸಿ, ಬಳಿಕ ಪೆಡಲನ್ನು ನಿಧಾನವಾಗಿ ಬಿಟ್ಟರೆ ಪೆಡಲೇ ಕಡ್ಡಿಯನ್ನು ಬೇಕಾದಷ್ಟು ಒಳಕ್ಕೆ ತಳ್ಳಿ ಅಳತೆ ಹೊಂದಿಸಿಕೊಳ್ಳುತ್ತದೆ. ಈ ಹೊಂದಾಣಿಕೆ ಒಂದು ಸಲಕ್ಕಷ್ಟೇ ಆಗುವಂಥವೂ ಇವೆ, ಹಾಗಾಗಿ ಬಿಚ್ಚಿದ ಹಳೆಯದನ್ನು ಮತ್ತೆ ಹಾಕುವುದು ತರವಲ್ಲ. ಕಾರಿನಿಂದ ಕಾರಿಗೆ ಕ್ರಮವೂ ಬೇರೆಯಾಗುವುದರಿಂದ ಆ ಮಾದರಿಯ ಕೈಪಿಡಿಯನ್ನು ನೋಡಿಯೇ ಮಾಡಬೇಕು. ಹೊಸದನ್ನು ಹಾಕಿದ ಮೇಲೆ ಮೀಟರ್ 0.1 ವೋಲ್ಟ್ ತೋರಿಸಿತು. ಕೋಡ್ ಅಳಿಸಿ ಸ್ಕ್ಯಾನರ್ ಪರದೆಯಲ್ಲಿ ಎರಡೂ ಸಂಕೇತಗಳನ್ನು ನೋಡುತ್ತ ಮೂವತ್ತು ಸಲ ತುಳಿದೆವು. ಪ್ರತಿ ಸಲವೂ ಎರಡೂ ಒಟ್ಟಿಗೆ ಬದಲಾದವು.

ಲಿವರ್ ಎಲ್ಲೋ ದಾರಿಯಲ್ಲಿ ಸಿಕ್ಕಿಕೊಂಡರೆ, ಹಲವು ಕಾರುಗಳಲ್ಲಿ ಅದರ ಪಕ್ಕದಲ್ಲೇ ಒಂದು ಪುಟ್ಟ ಮುಚ್ಚಳವಿರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ತುಳಿದುಕೊಂಡೇ, ಮುಚ್ಚಳ ತೆಗೆದು ಒಳಗೆ ಸ್ಕ್ರೂಡ್ರೈವರ್ ಒತ್ತಿದರೆ ಲಿವರ್ ಬಿಡುತ್ತದೆ. ಆದರೆ ಲಿವರಿಗೆ ತಲುಪದ ಸಂಕೇತ ಹಿಂದಿನ ದೀಪಗಳಿಗೂ ತಲುಪಿರಲಾರದು. ಹೊರಡುವ ಮೊದಲು ಒಬ್ಬರನ್ನು ಹಿಂದೆ ನಿಲ್ಲಿಸಿ ದೀಪ ನೋಡಿಸಬೇಕು. ಹೊತ್ತದಿದ್ದರೆ ರಾತ್ರಿಯಲ್ಲಿ, ಮಳೆಯಲ್ಲಿ ಹೆದ್ದಾರಿಗೆ ಇಳಿಯಬಾರದು, ಹಿಂದಿನ ಬಸ್ಸಿನವರಿಗೆ ನೀವು ನಿಲ್ಲುತ್ತಿರುವುದು ಗೊತ್ತೇ ಆಗುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ದೋಷವೂ ಒಂದಿದೆ. ಕೆಲವು ಕಾರುಗಳಲ್ಲಿ ಸ್ವಿಚ್ಚಿನ ಕಡ್ಡಿ ಒತ್ತಿಕೊಳ್ಳುವುದು ಪೆಡಲ್ ತೋಳಿನ ತೂತೊಂದರಲ್ಲಿ ಕೂರಿಸಿದ ಸಣ್ಣ ರಬ್ಬರ್ ಅಥವಾ ಪ್ಲಾಸ್ಟಿಕ್ ಬಿರಡೆಗೆ. ವರ್ಷಗಳ ಬಳಿಕ ಅದು ಪುಡಿಯಾಗಿ ಉದುರಿದರೆ ಕಡ್ಡಿ ಆ ತೂತಿನೊಳಕ್ಕೆ ನುಗ್ಗಿ, ಬ್ರೇಕ್ ಸದಾ ತುಳಿದೇ ಇದೆ ಎಂದು ಸ್ವಿಚ್ ಹೇಳತೊಡಗುತ್ತದೆ. ಆಗಲೂ ಕ್ರೂಸ್ ಹಿಡಿಯುವುದಿಲ್ಲ, ಆದರೆ ಲಿವರ್ ಮಾತ್ರ ಬ್ರೇಕ್ ತುಳಿಯದೆಯೂ ಬಿಡುತ್ತದೆ. ಮಕ್ಕಳು ಹತ್ತಿ ಆಡುವ ಕಾರಿನಲ್ಲಿ ಇದು ಹೆಚ್ಚು ಅಪಾಯ. ಕಾರು ನಿಲ್ಲಿಸಿ ಬಾಗಿಲು ಹಾಕಿದ ಮೇಲೂ 3.5 ಆಂಪಿಯರ್ ಹರಿಯುತ್ತಲೇ ಇದ್ದು, 45 ಆಂಪಿಯರ್-ಗಂಟೆಯ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಸ್ಟಾರ್ಟರ್ ತಿರುಗಿಸದ ಸ್ಥಿತಿಗೆ ಬರಬಹುದು. ಹೊಸ ಬ್ಯಾಟರಿ ಕೊಳ್ಳುವ ಮೊದಲು ಪೆಡಲಿನ ಕೆಳಗಿನ ಮ್ಯಾಟನ್ನೊಮ್ಮೆ ಎತ್ತಿ ನೋಡಿ. ಒಡೆದ ಬಿರಡೆಯ ಚೂರುಗಳು ಅಲ್ಲಿ ಬಿದ್ದಿರಬಹುದು.