ಬೂದು ಪಟ್ಟಿ ಇಟ್ಟುಕೊಂಡು ನೀಲಿ ಬಟ್ಟೆಗೆ ಅಂಕ ಕೊಡುವುದು ಹೇಗೆ?

ಪ್ರಶ್ನೆ: ಮುಂಬೈ ಬಳಿಯ ಡೊಂಬಿವಲಿಯಲ್ಲಿ ಶಾಲಾ ಯೂನಿಫಾರ್ಮ್ ಹೊಲಿಸುತ್ತೇನೆ. ನೇವಿ ಬ್ಲೂ ಕಾಟನ್ ಬಟ್ಟೆಯ ಲ್ಯಾಬ್ ರಿಪೋರ್ಟಿನಲ್ಲಿ ‘ಒಗೆದ ನಂತರ ಬಣ್ಣದ ಬದಲಾವಣೆ 3-4, ಹೆಚ್ಚು ಕೆಂಪು’ ಎಂದಿದೆ. ಈ ಅಂಕ ಕೊಡಲು ಬಳಸುವ ಗ್ರೇ ಸ್ಕೇಲ್ ಪಟ್ಟಿ ಪೂರ್ತಿ ಬೂದು ಬಣ್ಣದ್ದು. ಅದರಿಂದ ನೀಲಿಯನ್ನು ಅಳೆಯುವುದು ಹೇಗೆ? ಇದು ಪಾಸೋ ಫೇಲೋ?

ಉತ್ತರ: ಆ ಪಟ್ಟಿ ಬಣ್ಣವನ್ನು ಅಳೆಯುವುದೇ ಇಲ್ಲ, ಎರಡು ತುಂಡುಗಳ ನಡುವಿನ ಅಂತರವನ್ನು ಅಳೆಯುತ್ತದೆ. ಪಟ್ಟಿಯ ಪ್ರತಿ ಜೋಡಿಯಲ್ಲೂ ಒಂದು ಅರ್ಧ ಅದೇ ಗಾಢ ಬೂದು. ಇನ್ನೊಂದು ಅರ್ಧ ಅಂಕ ಇಳಿದಂತೆ ತಿಳಿಯಾಗುತ್ತ ಹೋಗುತ್ತದೆ. 5ರಲ್ಲಿ ಎರಡೂ ಒಂದೇ. 4ರಲ್ಲಿ ಅಂತರ 1.7 ಘಟಕ, 3ರಲ್ಲಿ 3.4, 2ರಲ್ಲಿ 6.8, 1ರಲ್ಲಿ 13.6. ಅಂದರೆ 4ರಿಂದ ಕೆಳಗೆ ಒಂದೊಂದು ಅಂಕ ಇಳಿದಾಗಲೂ ಅಂತರ ಇಮ್ಮಡಿಯಾಗುತ್ತದೆ. 3-4ನ್ನು ‘ನೂರಕ್ಕೆ ಎಪ್ಪತ್ತು’ ಎಂದು ಓದಿದರೆ ತಪ್ಪಾಗುವುದು ಇದಕ್ಕೇ.

ನಿಮ್ಮ ಬಟ್ಟೆಯನ್ನು ನೋಡುವ ಕ್ರಮ ಹೀಗೆ. ಒಗೆಯುವ ಮುಂಚೆಯೇ ಒಂದು ತುಂಡು ಕತ್ತರಿಸಿ ಎತ್ತಿಡುತ್ತಾರೆ. ಒಗೆದ ತುಂಡು ಪೂರ್ತಿ ಒಣಗಿದ ಮೇಲೆ ಎರಡನ್ನೂ ಅಂಚಿಗೆ ಅಂಚು ತಾಗಿಸಿ, ನೂಲಿನ ದಿಕ್ಕು ಒಂದೇ ಇರುವಂತೆ ಇಡುತ್ತಾರೆ. ಬಟ್ಟೆ ತೆಳುವಾಗಿದ್ದರೆ ಎರಡನ್ನೂ ಮಡಿಸಿಡಬೇಕು, ಇಲ್ಲದಿದ್ದರೆ ಕೆಳಗಿನ ಮೇಜಿನ ಬಣ್ಣ ಇಣುಕುತ್ತದೆ. ಬೆಳಕು 45 ಡಿಗ್ರಿಯಿಂದ ಬೀಳಬೇಕು, ಕಣ್ಣು ನೇರ ಮೇಲಿರಬೇಕು. ಮುಂಬೈ ಮಳೆಗಾಲದಲ್ಲಿ ಕಿಟಕಿಯ ಬೆಳಕು ಗಂಟೆಗೊಂದು ಥರ. ಹಾಗಾಗಿ ಹಗಲಿನ ಬೆಳಕನ್ನು ಹೋಲುವ ಡಿ65 ದೀಪದ ಲೈಟ್ ಬಾಕ್ಸೇ ಸರಿ. ತೇವ ಉಳಿದ ಬಟ್ಟೆ ಗಾಢವಾಗಿ ಕಂಡು ಇಲ್ಲದ ಅಂಕ ಗಿಟ್ಟಿಸಿಬಿಡುತ್ತದೆ, ಇಲ್ಲಿ ಆ ಮೋಸ ಸುಲಭವಾಗಿ ಆಗುತ್ತದೆ.

ಈಗ ಪಟ್ಟಿಯನ್ನು ಪಕ್ಕಕ್ಕೆ ತಂದು 4ರ ಜೋಡಿಗೆ ಹೋಲಿಸಿ: ಬಟ್ಟೆಯ ಅಂತರ ಅದಕ್ಕಿಂತ ಹೆಚ್ಚು. 3ಕ್ಕೆ ಹೋಲಿಸಿ: ಅದಕ್ಕಿಂತ ಕಡಿಮೆ. ನಡುವಿನ 3-4ರ ಜೋಡಿಗೆ ಸರಿಹೊಂದಿತು, ಅದೇ ಅಂಕ. ಬಟ್ಟೆ ಎತ್ತ ಕಡೆ ಬದಲಾಯಿತು ಎನ್ನುವುದನ್ನು ಅಂಕ ಹೇಳಲಾರದು. ಅದಕ್ಕೇ ಪಕ್ಕದಲ್ಲಿ ‘ಹೆಚ್ಚು ಕೆಂಪು’ ಎಂದು ಬರೆದಿದ್ದಾರೆ. ನೇವಿ ಬ್ಲೂ ಹೆಚ್ಚಾಗಿ ಹಲವು ಡೈಗಳ ಮಿಶ್ರಣ. ಅದರಲ್ಲಿ ನೀಲಿಯ ಪಾಲು ಹೆಚ್ಚು ತೊಳೆದುಹೋದರೆ ಉಳಿದ ಕೆಂಪು ಮೇಲೆದ್ದು ಕಾಣುತ್ತದೆ.

ಪಕ್ಕದ ಬಿಳಿ ಬಟ್ಟೆಗೆ ಬಣ್ಣ ಹತ್ತಿತೇ ಎಂದು ನೋಡುವ ಪಟ್ಟಿ ಬೇರೆ, ಬಿಳಿಯಿಂದ ಶುರುವಾಗುವಂಥದ್ದು. ರಿಪೋರ್ಟಿನಲ್ಲಿ ಆ ಅಂಕಗಳು ಬೇರೆ ಸಾಲಿನಲ್ಲಿರುತ್ತವೆ, ಇದರೊಂದಿಗೆ ಬೆರೆಸಬೇಡಿ.

ಪಾಸೋ ಫೇಲೋ ಎಂಬುದನ್ನು ಪಟ್ಟಿ ಹೇಳುವುದಿಲ್ಲ, ನಿಮ್ಮ ಆರ್ಡರಿನ ಷರತ್ತು ಹೇಳುತ್ತದೆ. 4 ಎಂದು ಬರೆದಿದ್ದರೆ ಇದು ಫೇಲ್. ಷರತ್ತೇ ಇಲ್ಲದಿದ್ದರೂ ಯೂನಿಫಾರ್ಮಿಗೆ ಈ ಬಟ್ಟೆಯನ್ನು ನಾನು ಒಪ್ಪಲಾರೆ. ಪ್ರಾರ್ಥನೆಯ ಸಾಲಿನಲ್ಲಿ ಹೊಸ ಪ್ಯಾಂಟಿನ ಪಕ್ಕ ಹಳೆಯದು ಮಸುಕಾಗಿದ್ದರೆ ಯಾರೂ ಗಮನಿಸಲಿಕ್ಕಿಲ್ಲ, ಕೆಂಪಾಗಿದ್ದರೆ ದೂರದಿಂದಲೇ ಕಾಣುತ್ತದೆ. ಮುಂದಿನ ಖರೀದಿಯಲ್ಲಿ ‘ಕನಿಷ್ಠ 4, ಕೆಂಪು ಛಾಯೆ ಬರಬಾರದು’ ಎಂದು ಎರಡನ್ನೂ ಬರೆಸಿ.