u, v ಎರಡೂ ನಯವಾಗಿದ್ದರೂ f ಏಕೆ ಅವಕಲನಕ್ಕೆ ಒಗ್ಗುವುದಿಲ್ಲ?

ಪ್ರಶ್ನೆ: f(z) = x² + iy² ಎಂಬ ಫಂಕ್ಷನ್‌ನಲ್ಲಿ x², y² ಎರಡನ್ನೂ ಎಲ್ಲಿ ಬೇಕಾದರೂ ಅವಕಲಿಸಬಹುದು. ಆದರೂ f ಹೆಚ್ಚಿನ ಬಿಂದುಗಳಲ್ಲಿ ಅವಕಲನೀಯವಲ್ಲ ಎನ್ನುತ್ತಾರೆ. ಏಕೆ? (ಬಿ.ಎಸ್ಸಿ. ವಿದ್ಯಾರ್ಥಿನಿ, ತಿಪಟೂರು)

ಉತ್ತರ: ನಿಮ್ಮ ಅನುಮಾನ ಸರಿಯಾದ ಜಾಗದಲ್ಲೇ ಹುಟ್ಟಿದೆ. ವಾಸ್ತವ ರೇಖೆಯ ಮೇಲೆ ಒಂದು ಬಿಂದುವಿಗೆ ಎಡದಿಂದ ಅಥವಾ ಬಲದಿಂದ ಮಾತ್ರ ಬರಲು ಸಾಧ್ಯ. ಸಂಕೀರ್ಣ ಸಮತಲದಲ್ಲಿ ಯಾವ ದಿಕ್ಕಿನಿಂದ ಬೇಕಾದರೂ ಬರಬಹುದು. ಹೇಗೆ ಬಂದರೂ [f(z+Δz) − f(z)]/Δz ಒಂದೇ ಸಂಖ್ಯೆಯತ್ತ ಸಾಗಬೇಕು. ಷರತ್ತೆಲ್ಲ ಈ "ಒಂದೇ" ಎಂಬುದರಲ್ಲಿದೆ.

z = 1+2i ಬಿಂದುವನ್ನು ತೆಗೆದುಕೊಳ್ಳಿ. ಅಡ್ಡಲಾಗಿ h ದೂರ ಸರಿದರೆ f ನಲ್ಲಾಗುವ ಬದಲಾವಣೆ 2h + h². ಅದನ್ನು h ನಿಂದ ಭಾಗಿಸಿದರೆ ಮಿತಿ 2. ಈಗ ಮೇಲಕ್ಕೆ ik ದೂರ ಸರಿಯಿರಿ. ಬದಲಾವಣೆ i(4k + k²). ಅದನ್ನು ik ಯಿಂದ ಭಾಗಿಸಿದರೆ ಮಿತಿ 4. ಎರಡೂ ಹೊಂದುವುದಿಲ್ಲ, ಹಾಗಾಗಿ ಅಲ್ಲಿ f′ ಇಲ್ಲ. ಗ್ರಾಫ್ ಹಾಳೆಯ ಮೇಲೆ ಆ ಬಿಂದುವಿನ ಬಳಿ ಪುಟ್ಟ ಚೌಕವೊಂದನ್ನು ಬರೆದು f ಅದನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಗುರುತಿಸಿ. ಅಡ್ಡಕ್ಕೆ ಸುಮಾರು 2 ಪಟ್ಟು, ಉದ್ದಕ್ಕೆ 4 ಪಟ್ಟು ಹಿಗ್ಗಿ ಚೌಕ ಆಯತವಾಗಿರುತ್ತದೆ. ಸಂಕೀರ್ಣ ಸಂಖ್ಯೆಯಿಂದ ಗುಣಿಸಿದಾಗ ಚೌಕ ತಿರುಗಬಹುದು, ದೊಡ್ಡದಾಗಬಹುದು, ಆದರೆ ಆಯತವಾಗಲಾರದು. f′ ಎಂದರೆ ಅಂಥ ಒಂದು ಗುಣಕವೇ.

ಇದೇ ಲೆಕ್ಕವನ್ನು ಯಾವುದೇ f = u + iv ಗೆ ಮಾಡಿ. ಅಡ್ಡ ಹಾದಿ uₓ + ivₓ ಕೊಡುತ್ತದೆ. ಲಂಬ ಹಾದಿಯಲ್ಲಿ i ಯಿಂದ ಭಾಗಿಸಬೇಕಾದ್ದರಿಂದ v_y − iu_y ಸಿಗುತ್ತದೆ. ಎರಡನ್ನೂ ಸಮ ಮಾಡಿದರೆ uₓ = v_y, u_y = −vₓ. ಕೋಶಿ–ರೀಮಾನ್ ಸಮೀಕರಣಗಳು ಇವೇ. ಆ ಋಣ ಚಿಹ್ನೆಯನ್ನು ಬಾಯಿಪಾಠ ಮಾಡಬೇಡಿ; 1/i = −i ಎಂಬುದೇ ಅದರ ಮೂಲ.

ನಿಮ್ಮ f ಗೆ ಎರಡನೆಯ ಸಮೀಕರಣ ಎಲ್ಲೆಡೆ 0 = 0. ಮೊದಲನೆಯದು 2x = 2y ಎನ್ನುತ್ತದೆ, ಅಂದರೆ x = y ರೇಖೆಯ ಮೇಲೆ ಮಾತ್ರ ನಿಜ. 1+i ನಲ್ಲಿ ಪರೀಕ್ಷಿಸೋಣ. Δz = h + ik ಆದಾಗ ಬದಲಾವಣೆ 2(h + ik) + (h² + ik²). ಕೊನೆಯ ಆವರಣದ ಗಾತ್ರ |Δz|² ಅನ್ನು ಮೀರುವುದಿಲ್ಲ. Δz ನಿಂದ ಭಾಗಿಸಿದರೆ ಅದು ಸೊನ್ನೆಗಿಳಿಯುತ್ತದೆ. ಆದ್ದರಿಂದ ಯಾವ ದಿಕ್ಕಿನಿಂದ ಬಂದರೂ f′(1+i) = 2. ಆದರೂ f ಅಲ್ಲಿ ಅನಲಿಟಿಕ್ ಅಲ್ಲ. ಅನಲಿಟಿಕ್ ಆಗಲು ಬಿಂದುವಿನ ಸುತ್ತ ಒಂದು ಪುಟ್ಟ ವೃತ್ತದೊಳಗೆಲ್ಲ ಅವಕಲನ ಇರಬೇಕು, ರೇಖೆಯೊಳಗೆ ವೃತ್ತ ಹಿಡಿಸುವುದಿಲ್ಲ. ಪರೀಕ್ಷೆಯಲ್ಲಿ ಈ ಎರಡು ಪದಗಳನ್ನು ಒಂದೇ ಎಂದು ಬರೆದು ಅಂಕ ಕಳೆದುಕೊಳ್ಳುವವರನ್ನು ಪ್ರತಿ ವರ್ಷ ನೋಡುತ್ತೇನೆ, ಬೇಸರವಾಗುತ್ತದೆ.

ಇನ್ನೊಂದು ಎಚ್ಚರಿಕೆ. ಸಮೀಕರಣಗಳು ಪರಿಶೀಲಿಸುವುದು ಎರಡು ಹಾದಿಗಳನ್ನು ಮಾತ್ರ. f = √|xy| ಗೆ ಮೂಲಬಿಂದುವಿನಲ್ಲಿ ನಾಲ್ಕೂ ಆಂಶಿಕ ಅವಕಲನಗಳು ಸೊನ್ನೆ, ಸಮೀಕರಣಗಳು ಸರಿಹೊಂದುತ್ತವೆ. ಆದರೆ h ಧನವಾಗಿರುವಂತೆ h + ih ಹಾದಿಯಲ್ಲಿ ಬಂದರೆ ಅನುಪಾತ 1/(1+i), ಸೊನ್ನೆಯಲ್ಲ. ಆಂಶಿಕ ಅವಕಲನಗಳು ಆ ಬಿಂದುವಿನ ಸುತ್ತ ಇದ್ದು, ಆ ಬಿಂದುವಿನಲ್ಲಿ ಅವಿಚ್ಛಿನ್ನವಾಗಿದ್ದರೆ ಇಂಥ ಮೋಸ ನಡೆಯುವುದಿಲ್ಲ. ನಿಮ್ಮ x², y² ಗಳು ನಯವಾಗಿರುವುದು ಉಪಯೋಗಕ್ಕೆ ಬರುವುದು ಇಲ್ಲಿ.