ಫೋರ್ಡ್ ಕೊಂಡವರ ಮನಸ್ಸು, ಷೆವರ್ಲೆ ಕೊಂಡವರ ಮನಸ್ಸು

ಗ್ರಾಹಕರನ್ನು ವಯಸ್ಸು, ಆದಾಯ, ಊರುಗಳಿಂದ ವಿಂಗಡಿಸದೆ ಅವರ ಜೀವನಶೈಲಿ, ಮೌಲ್ಯ ಮತ್ತು ವ್ಯಕ್ತಿತ್ವಗಳಿಂದ ವಿಂಗಡಿಸುವ ಕ್ರಮಕ್ಕೆ ಸೈಕೋಗ್ರಾಫಿಕ್ ವಿಭಜನೆ ಎಂದು ಹೆಸರು. ಒಂದೇ ವಯಸ್ಸಿನ, ಒಂದೇ ಸಂಬಳದ, ಅಕ್ಕಪಕ್ಕದ ಮನೆಯ ಇಬ್ಬರಲ್ಲಿ ಒಬ್ಬರು ರಜೆ ಸಿಕ್ಕರೆ ಚಾರಣಕ್ಕೆ ಹೊರಡುತ್ತಾರೆ, ಇನ್ನೊಬ್ಬರು ಆ ಹಣವನ್ನು ಚೀಟಿಗೆ ಕಟ್ಟುತ್ತಾರೆ. ಈ ವ್ಯತ್ಯಾಸವನ್ನು ಜನಗಣತಿಯ ಕಾಲಂಗಳು ಹಿಡಿಯಲಾರವು ಎಂಬುದು ಈ ಕ್ರಮದ ಮೂಲ ವಾದ. ವಾದವೇನೋ ಸರಿಯೇ. ಆದರೆ ಇಬ್ಬರ ಮನಸ್ಸು ಬೇರೆ ಎಂದು ತೋರಿಸುವುದು ಒಂದು ಕೆಲಸ, ಆ ಕಾರಣದಿಂದ ಅವರು ಏನನ್ನು ಕೊಳ್ಳುತ್ತಾರೆಂದು ಹೇಳುವುದು ಇನ್ನೊಂದು. ವಿಭಜನೆಯ ಅಸೈನ್‌ಮೆಂಟ್ ಬರೆಯುವವರು ಎಡವುವುದು ಹೆಚ್ಚಾಗಿ ಈ ಎರಡರ ನಡುವೆ.

ಇದನ್ನು ತೋರಿಸಿಕೊಟ್ಟ ಹಳೆಯ ಅಧ್ಯಯನವೊಂದು ಇವತ್ತಿಗೂ ಓದಲು ತಕ್ಕದ್ದು. ಅಮೆರಿಕದಲ್ಲಿ 1950ರ ದಶಕದಲ್ಲಿ ಫೋರ್ಡ್ ಕೊಳ್ಳುವವರು ಸ್ವತಂತ್ರ ಮನೋಭಾವದವರು, ಆತ್ಮವಿಶ್ವಾಸಿಗಳು, ದಿಢೀರ್ ನಿರ್ಧಾರ ಮಾಡುವವರು; ಷೆವರ್ಲೆ ಕೊಳ್ಳುವವರು ಸಂಪ್ರದಾಯಸ್ಥರು, ಹಣ ಎಣಿಸಿ ಖರ್ಚು ಮಾಡುವವರು ಎಂಬ ನಂಬಿಕೆ ಮಾರಾಟ ವಲಯದಲ್ಲಿ ಬೇರೂರಿತ್ತು. ಎರಡೂ ಕಾರುಗಳು ಬೆಲೆಯಲ್ಲಿ ಹೆಚ್ಚುಕಡಿಮೆ ಸಮನಾಗಿದ್ದುದರಿಂದ ಇದನ್ನು ಪರೀಕ್ಷಿಸುವುದಕ್ಕೆ ಒಳ್ಳೆಯ ಅವಕಾಶವೂ ಇತ್ತು. ಫ್ರಾಂಕ್ಲಿನ್ ಇವಾನ್ಸ್ ಎಂಬ ಸಂಶೋಧಕರು ಇಲಿನಾಯ್ ರಾಜ್ಯದ ಪಾರ್ಕ್ ಫಾರೆಸ್ಟ್‌ನಲ್ಲಿ ಎರಡೂ ಕಾರುಗಳ ಮಾಲೀಕರಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಬಂದ ಅಂಕಗಳಿಂದ ಯಾರ ಬಳಿ ಯಾವ ಕಾರಿದೆ ಎಂದು ಊಹಿಸಲು ಯತ್ನಿಸಿದರು. 1959ರಲ್ಲಿ ಪ್ರಕಟವಾದ ಫಲಿತಾಂಶದಂತೆ ಊಹೆ ಸರಿಯಾದದ್ದು ಶೇ. 63ರಷ್ಟು ಜನರ ವಿಷಯದಲ್ಲಿ; ನಾಣ್ಯ ಚಿಮ್ಮಿದ್ದರೂ ಸುಮಾರು ಶೇ. 50 ಸರಿಯಾಗುತ್ತಿತ್ತು. ವಯಸ್ಸು, ಆದಾಯದಂಥ ಸಾಮಾನ್ಯ ವಿವರಗಳಿಂದಲೇ ಶೇ. 70 ಬಂತು. ಎರಡನ್ನೂ ಸೇರಿಸಿದಾಗ ಶೇ. 72. ಇವಾನ್ಸ್ ಅವರ ವಿಧಾನದ ಬಗ್ಗೆ ಆಮೇಲೆ ಸಾಕಷ್ಟು ಚರ್ಚೆ ನಡೆಯಿತು, ಅದೇ ದತ್ತಾಂಶವನ್ನು ಬೇರೆ ರೀತಿ ವಿಶ್ಲೇಷಿಸಿ ವ್ಯಕ್ತಿತ್ವದ ಪರ ವಾದಿಸಿದವರೂ ಇದ್ದಾರೆ. ಆದರೆ ಸುಲಭವಾಗಿ ಸಿಗುವ ವಿವರಗಳ ಮೇಲೆ ವ್ಯಕ್ತಿತ್ವ ಎಷ್ಟನ್ನು ಕೂಡಿಸುತ್ತದೆ ಎಂದು ಅವರು ಕೇಳಿದ ಪ್ರಶ್ನೆ ಇಂದಿಗೂ ಹಾಗೆಯೇ ನಿಂತಿದೆ.

ಇಷ್ಟು ಕಡಿಮೆ ಏಕೆ? ಮುಖ್ಯ ಕಾರಣ, ವ್ಯಕ್ತಿತ್ವ ಪರೀಕ್ಷೆಗಳನ್ನು ರೂಪಿಸಿದ್ದು ಮನಸ್ಸಿನ ಅಧ್ಯಯನಕ್ಕೆ, ಕಾರಿನ ಆಯ್ಕೆಗಲ್ಲ. ಹೀಗಾಗಿ ನಂತರದವರು ಚಟುವಟಿಕೆ, ಆಸಕ್ತಿ, ಅಭಿಪ್ರಾಯಗಳ ಬಗ್ಗೆ ಹೇಳಿಕೆಗಳನ್ನು ಕೊಟ್ಟು, ಒಪ್ಪಿಗೆಯನ್ನು 1ರಿಂದ 5ರ ಅಂಕದಲ್ಲಿ ಕೇಳುವ ಪದ್ಧತಿಗೆ ಬಂದರು. ಹೇಳಿಕೆಗಳು ಉತ್ಪನ್ನಕ್ಕೆ ಹತ್ತಿರವಾದಷ್ಟೂ ಫಲ ಹೆಚ್ಚು. ಆದರೆ ಇಲ್ಲಿ ಮತ್ತೊಂದು ತೊಡಕಿದೆ, ಅದನ್ನು ಅಂಕಗಳಲ್ಲೇ ನೋಡಬೇಕು.

ತಿಂಡಿ ಪೊಟ್ಟಣಗಳ ಬಗ್ಗೆ ನಾಲ್ಕು ಹೇಳಿಕೆಗಳಿವೆ ಎಂದಿಟ್ಟುಕೊಳ್ಳೋಣ. ಸುಮಾ ಕೊಟ್ಟ ಅಂಕಗಳು 5, 4, 5, 4. ರವಿಯದು 3, 2, 3, 2. ಗೀತಾಳದು 4, 5, 4, 5. ಸುಮಾ ಮತ್ತು ರವಿಯ ಒಲವು ಒಂದೇ: ಇಬ್ಬರಿಗೂ ಮೊದಲನೆಯ ಮತ್ತು ಮೂರನೆಯ ಹೇಳಿಕೆ ಹೆಚ್ಚು ಪ್ರಿಯ. ಗೀತಾಳದು ತದ್ವಿರುದ್ಧ. ಆದರೂ ಗುಂಪು ಮಾಡುವ ತಂತ್ರಾಂಶ ಅಂಕಗಳ ನಡುವಿನ ದೂರವನ್ನು ಅಳೆಯುತ್ತದೆ: ಪ್ರತಿ ಹೇಳಿಕೆಯ ಅಂಕಗಳ ವ್ಯತ್ಯಾಸವನ್ನು ವರ್ಗ ಮಾಡಿ, ಎಲ್ಲವನ್ನೂ ಕೂಡಿಸಿ, ವರ್ಗಮೂಲ ತೆಗೆಯುತ್ತದೆ. ಸುಮಾಗೂ ಗೀತಾಗೂ ದೂರ 2, ಸುಮಾಗೂ ರವಿಗೂ 4. ಸುಮಾ ಗೀತಾಳ ಜೊತೆ ಸೇರಿಬಿಡುತ್ತಾಳೆ. ಹೀಗೆ ಹುಟ್ಟುವ ಗುಂಪುಗಳು ಬಹಳಷ್ಟು ಸಲ ಎಲ್ಲಕ್ಕೂ ಹೂಂ ಎನ್ನುವವರ ಮತ್ತು ಯಾವುದಕ್ಕೂ ಸುಲಭವಾಗಿ ಹೂಂ ಎನ್ನದವರ ಗುಂಪುಗಳಷ್ಟೇ ಆಗಿರುತ್ತವೆ, ಅವಕ್ಕೆ ನಾವು ‘ಉತ್ಸಾಹಿಗಳು’, ‘ನಿರ್ಲಿಪ್ತರು’ ಎಂದು ಹೆಸರಿಡುತ್ತೇವೆ. ಗುರುತಿಸುವುದು ಕಷ್ಟವಲ್ಲ: ಒಂದು ಗುಂಪಿನ ಸರಾಸರಿ ಎಲ್ಲ ಹೇಳಿಕೆಗಳಲ್ಲೂ ಮೇಲೆ, ಇನ್ನೊಂದರದು ಎಲ್ಲದರಲ್ಲೂ ಕೆಳಗೆ ಇದ್ದರೆ ಅನುಮಾನಿಸಬೇಕು. ಪ್ರತಿಯೊಬ್ಬರ ಅಂಕಗಳಿಂದ ಅವರದೇ ಸರಾಸರಿಯನ್ನು ಕಳೆದು ನೋಡಿದರೆ ಸುಮಾ ಮತ್ತು ರವಿಯ ನಡುವಿನ ದೂರ ಸೊನ್ನೆಯಾಗುತ್ತದೆ. ಆದರೆ ಹಾಗೆ ಕಳೆದಾಗ ನಿಜವಾದ ಉತ್ಸಾಹದ ವ್ಯತ್ಯಾಸವೂ ಅಳಿಸಿಹೋಗುವುದರಿಂದ ಎರಡೂ ಬಗೆಯಲ್ಲಿ ಲೆಕ್ಕ ಹಾಕಿ ಹೋಲಿಸುವುದು ಕ್ಷೇಮ.

ನಾಲ್ಕು ಗುಂಪು ಬೇಕೆಂದರೆ ತಂತ್ರಾಂಶ ನಾಲ್ಕನ್ನು ಕೊಟ್ಟೇ ಕೊಡುತ್ತದೆ, ಜನರಲ್ಲಿ ಅಂಥ ಗುಂಪುಗಳಿರಲಿ ಇಲ್ಲದಿರಲಿ. ಉತ್ತರಿಸಿದವರನ್ನು ಚೀಟಿ ಎತ್ತಿದಂತೆ ಎರಡು ಭಾಗ ಮಾಡಿ ಬೇರೆ ಬೇರೆಯಾಗಿ ಗುಂಪು ಮಾಡಿಸಿದಾಗ, ಎರಡರಲ್ಲೂ ಅವೇ ಚಿತ್ರಗಳು ಮೂಡದಿದ್ದರೆ ಆ ಗುಂಪುಗಳನ್ನು ನಂಬಬಾರದು. ಇನ್ನು, ನಿಜವಾದ ಗುಂಪೇ ಸಿಕ್ಕಿದರೂ ಅದರ ಸದಸ್ಯರು ಎಲ್ಲಿದ್ದಾರೆಂದು ಅಂಗಡಿಯವನಿಗೆ ತಿಳಿಯುವುದಿಲ್ಲ. ಸಂಪ್ರದಾಯಪ್ರಿಯರ ವಿಳಾಸಪಟ್ಟಿ ಯಾರ ಬಳಿಯೂ ಇರುವುದಿಲ್ಲ. ಯಾವ ಮಾತಿನಲ್ಲಿ ಜಾಹೀರಾತು ಬರೆಯಬೇಕು ಎಂಬುದಕ್ಕೆ ಈ ವಿಭಜನೆ ಚೆನ್ನಾಗಿ ಒದಗುತ್ತದೆ, ಯಾರಿಗೆ ತಲುಪಿಸಬೇಕು ಎಂಬುದಕ್ಕೆ ಮತ್ತೆ ವಯಸ್ಸು, ಊರು, ಹಿಂದಿನ ಖರೀದಿಗಳನ್ನೇ ಹಿಡಿಯಬೇಕಾಗುತ್ತದೆ.

ಆದ್ದರಿಂದ ಅಸೈನ್‌ಮೆಂಟಿನಲ್ಲಿ ಇವಾನ್ಸ್ ಅವರ ಲೆಕ್ಕವನ್ನೇ ಚಿಕ್ಕದಾಗಿ ಮಾಡಬಹುದು: ಮೊದಲು ವಯಸ್ಸು, ಆದಾಯಗಳಿಂದ ಖರೀದಿಯನ್ನು ಊಹಿಸಿ ಎಷ್ಟು ಸರಿಯಾಯಿತೆಂದು ಬರೆಯುವುದು, ನಂತರ ಜೀವನಶೈಲಿಯ ಗುಂಪನ್ನು ಸೇರಿಸಿ ಎಷ್ಟು ಹೆಚ್ಚಿತೆಂದು ಬರೆಯುವುದು, ಹೆಚ್ಚಳ ಎರಡೇ ಅಂಕವಾಗಿದ್ದರೆ ಅದನ್ನೂ ಹಾಗೆಯೇ ದಾಖಲಿಸುವುದು.